ಕರ್ಚೀಫ್ ಬಚ್ಚಿಟ್ಟರೆ ಆವಿ, ಬಿಚ್ಚಿದರೆ ಮೋಡ: ಎಂಟು ವರ್ಷದ ಮಕ್ಕಳಿಗೆ ಜಲಚಕ್ರ ಆಡಿಸುವ ಬಗೆ

ಮೊದಲ ಸಲ ಜಲಚಕ್ರವನ್ನು ಆಟವಾಗಿ ಆಡಿಸಿದಾಗ ನಾನು ಮೋಡಕ್ಕೆಂದು ಒಂದು ದೊಡ್ಡ ಬಿಳಿ ಬೆಡ್‌ಶೀಟ್ ತಂದಿದ್ದೆ. ನಾಲ್ವರು ಮಕ್ಕಳು ನಾಲ್ಕು ಮೂಲೆ ಹಿಡಿದು ನಿಂತರು. ಉಳಿದವರೆಲ್ಲ ‘ಆವಿ’ಯಾಗಿ ಅದರ ಕೆಳಗೆ ನುಗ್ಗಿದರು. ನಾನು ಚಪ್ಪಾಳೆ ತಟ್ಟಿದ ಕೂಡಲೇ ಮಳೆಯಾಗಿ ಹೊರಗೆ ಓಡಿದರು. ಎಲ್ಲರಿಗೂ ಖುಷಿಯೋ ಖುಷಿ. ಮಾರನೇ ದಿನ ಚಿತ್ರ ಬರೆಯಲು ಹೇಳಿದರೆ ಒಬ್ಬಳು ಮೋಡವನ್ನು ಚೀಲದ ಹಾಗೆ ಬರೆದು, ಅಡಿಯಲ್ಲಿ ಒಂದು ತೂತು ಇಟ್ಟಿದ್ದಳು. ಚೀಲದ ತುಂಬ ನೀರು, ತೂತಿನಿಂದ ಮಳೆ. ತಪ್ಪು ಅವಳದಲ್ಲ. ನಾನು ಆಡಿಸಿದ್ದನ್ನೇ ಅವಳು ಬರೆದಿದ್ದಳು.

ಮೋಡ ಚೀಲವೂ ಅಲ್ಲ, ಆವಿಯೂ ಅಲ್ಲ. ಗಾಳಿಯಲ್ಲಿ ತೇಲುವ ಧೂಳಿನ ಕಣಕ್ಕೆ ಅಂಟಿಕೊಂಡ ನೀರು ತೀರಾ ಸಣ್ಣ ಹನಿಯಾಗುತ್ತದೆ. ಅಂಥ ಲೆಕ್ಕವಿಲ್ಲದಷ್ಟು ಹನಿಗಳು ಒಟ್ಟಿಗೆ ಇದ್ದರೆ ಅದು ಮೋಡ. ಆವಿಯಂತೂ ಕಣ್ಣಿಗೆ ಕಾಣುವುದೇ ಇಲ್ಲ. ಈ ಎರಡು ವಿಷಯ ಆಟದಲ್ಲಿ ಸರಿಯಾಗಿ ಬಂದರೆ ಉಳಿದದ್ದು ಅದರ ಹಿಂದೆಯೇ ಬರುತ್ತದೆ. ಹಾಗಾಗಿ ಬೆಡ್‌ಶೀಟ್ ಕಪಾಟಿಗೆ ಹೋಯಿತು. ಅದರ ಜಾಗಕ್ಕೆ ನೀಲಿ ಕರ್ಚೀಫ್ ಬಂತು. ಈಗ ನಾನು ಆಡಿಸುವ ಕ್ರಮ ಇದು. ಲೆಕ್ಕವನ್ನು 30 ಮಕ್ಕಳಿಗೆ ಇಟ್ಟುಕೊಂಡಿದ್ದೇನೆ.

ಏನೇನು ಬೇಕು

ನೀಲಿ ಬಟ್ಟೆಯ ತುಂಡು 24. ಕರ್ಚೀಫ್ ಆದರೂ ಆಯ್ತು, ಹಳೇ ಬಟ್ಟೆ ಕತ್ತರಿಸಿದರೂ ಆಯ್ತು. ಮಗುವಿನ ಮುಷ್ಟಿಯೊಳಗೆ ಪೂರ್ತಿ ಮುಚ್ಚಿಹೋಗುವಷ್ಟು ಚಿಕ್ಕದಿರಬೇಕು, ಅದೇ ಮುಖ್ಯ. ಹಳದಿ ಕಾಗದದ ಉದ್ದ ಪಟ್ಟಿ 18. ಬಿಳಿ ಕಾಗದದ ಚೂರು ಸುಮಾರು 50, ಅದು ಉಪ್ಪು. ಎರಡು ತಟ್ಟೆ, ಒಂದು ದಾಳ, ಮೂರು ಕಂದು ಬಣ್ಣದ ಚೆಂಡು. ಚೆಂಡು ಇಲ್ಲದಿದ್ದರೆ ಕಂದು ಕಾಗದವನ್ನೇ ಉಂಡೆ ಮಾಡಿಕೊಳ್ಳಿ. ಹತ್ತು ಚೀಟಿ ಇರುವ ಒಂದು ಡಬ್ಬಿ. ಗೆರೆ ಎಳೆಯಲು ಸೀಮೆಸುಣ್ಣ. ನದಿಗೆ ಹಗ್ಗ ಹಾಸಬೇಡಿ. ನೋಡಲು ಚೆನ್ನಾಗಿರುತ್ತದೆ, ಆದರೆ ಎರಡನೇ ನಿಮಿಷಕ್ಕೇ ಯಾರಾದರೂ ಎಡವಿ ಬೀಳುತ್ತಾರೆ.

ಜಾಗ ಸುಮಾರು 12 ಹೆಜ್ಜೆ ಉದ್ದ, 8 ಹೆಜ್ಜೆ ಅಗಲ ಇರಲಿ. ಒಂದು ತುದಿಗೆ ಅರ್ಧ ವೃತ್ತ ಎಳೆದರೆ ಅದು ಸಮುದ್ರ. ಇನ್ನೊಂದು ತುದಿಯಲ್ಲಿ ನೆಲ, ಅಂದರೆ ಗುಡ್ಡ ಮತ್ತು ಮಣ್ಣು. ಹಿಂದಿನ ಉದ್ದದ ಬದಿ ಪೂರ್ತಿ ಗಾಳಿ. ಅದರ ನಡುವೆ ಒಂದು ಅಡ್ಡಗೆರೆ ಎಳೆಯಿರಿ. ಅದಕ್ಕೆ ನಾವು ‘ಚಳಿಗೆರೆ’ ಅನ್ನುತ್ತೇವೆ. ಮುಂದಿನ ಬದಿಯಲ್ಲಿ ನೆಲದಿಂದ ಸಮುದ್ರದವರೆಗೆ ಎರಡು ಡೊಂಕು ಗೆರೆ, ನಡುವೆ ಒಂದು ಮೀಟರ್ ಬಿಟ್ಟು. ಅದು ನದಿ. ನದಿಯ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಕಿರಿದಾದ ಚುಕ್ಕಿಗೆರೆಯ ದಾರಿ, ಅದು ಅಂತರ್ಜಲ.

ಸಮತಟ್ಟಾದ ನೆಲದಲ್ಲಿ ‘ಮೇಲೆ’ ಅನ್ನುವುದನ್ನು ತೋರಿಸುವುದು ಹೇಗೆ ಅಂತ ನಾನು ಸುಮಾರು ದಿನ ಒದ್ದಾಡಿದೆ. ಉತ್ತರ ಮಕ್ಕಳ ಮೈಯಲ್ಲೇ ಇತ್ತು. ತುದಿಗಾಲಲ್ಲಿ ನಿಂತು ಕೈ ಎತ್ತಿದರೆ ಮೇಲೆ. ಸ್ವಲ್ಪ ಬಗ್ಗಿ ನಡೆದರೆ ಕೆಳಗೆ.

ಯಾರು ಏನಾಗುತ್ತಾರೆ

ಒಬ್ಬರು ಸೂರ್ಯ. ಮೂವರು ಧೂಳು, ಕೈಯಲ್ಲಿ ಕಂದು ಚೆಂಡು. ಒಬ್ಬರು ನದಿ ಕಾಯುವವರು, ಇನ್ನೊಬ್ಬರು ಮಣ್ಣು ಕಾಯುವವರು. ಉಳಿದ 24 ಮಕ್ಕಳೂ ನೀರು. ಅವರನ್ನು ‘ಹನಿ’ ಅಂತ ಕರೆಯಬೇಡಿ. ಆವಿಯಾದಾಗ ಹನಿ ಇರುವುದಿಲ್ಲ, ಆದರೆ ನೀರು ಇರುತ್ತದೆ. ‘ನೀನು ಒಂಚೂರು ನೀರು’ ಅನ್ನಿ, ಸಾಕು. ಸಮುದ್ರದಲ್ಲಿದ್ದರೂ ಅದೇ ಮಗು, ಗಾಳಿಯಲ್ಲಿದ್ದರೂ ಅದೇ ಮಗು. ಮಗು ದೊಡ್ಡದಾಗುವುದಿಲ್ಲ, ಕರಗುವುದಿಲ್ಲ, ಮಾಯವಾಗುವುದೂ ಇಲ್ಲ. ಪಕ್ಕದವರಿಂದ ಎಷ್ಟು ದೂರ ಇದೆ, ಎಷ್ಟು ಬೇಗ ಚಲಿಸುತ್ತಿದೆ ಅನ್ನುವುದಷ್ಟೇ ಬದಲಾಗುತ್ತದೆ.

ಓಡಾಡಲು ಕಷ್ಟವಿರುವ ಮಗುವಿಗೆ ಸುಮ್ನೆ ಸೂರ್ಯನ ಪಾತ್ರ ಕೊಟ್ಟು ಒಂದು ಕಡೆ ಕೂರಿಸುವವರನ್ನು ನೋಡಿದ್ದೇನೆ. ಅದು ಬೇಡ. ಈ ಆಟದಲ್ಲಿ ಸೂರ್ಯನಿಗೇ ಓಡಾಟ ಜಾಸ್ತಿ. ಕರ್ಚೀಫ್ ಮುಚ್ಚುವುದು, ಬಿಚ್ಚುವುದು ಯಾರಿಗಾದರೂ ಆಗುತ್ತದೆ. ಗಾಲಿಕುರ್ಚಿ ಬಳಸುವ ಮಗು ಇದ್ದರೆ ನದಿಯನ್ನು ಇನ್ನೊಂದರ್ಧ ಮೀಟರ್ ಅಗಲ ಮಾಡಿ, ಮಗು ನೀರಾಗಿಯೇ ಇರಲಿ.

ಆಟಕ್ಕೂ ಮೊದಲು ಒಂದು ಕೆಟಲ್

ಆಟ ಶುರುವಾಗುವ ಮುನ್ನ ಐದು ನಿಮಿಷ ಕೆಟಲ್‌ನಲ್ಲಿ ನೀರು ಕುದಿಸಿ ತೋರಿಸುತ್ತೇನೆ. ಮಕ್ಕಳು ಎರಡು ಮೀಟರ್ ದೂರದಲ್ಲಿ ಕೂತಿರುತ್ತಾರೆ, ಕೆಟಲ್ ಮುಟ್ಟುವುದು ನಾನೊಬ್ಬಳೇ. ನೀರು ಚೆನ್ನಾಗಿ ಕುದಿಯುವಾಗ ಮೂತಿಯನ್ನೇ ನೋಡಲು ಹೇಳಿ. ಬಿಳಿ ಹೊಗೆಯಂಥದ್ದು ಮೂತಿಗೆ ಅಂಟಿಕೊಂಡು ಶುರುವಾಗುವುದಿಲ್ಲ. ಮೂತಿಗೂ ಅದಕ್ಕೂ ಮಧ್ಯೆ ಸುಮಾರು ಒಂದು ಬೆರಳಿನಷ್ಟು ಜಾಗ ಖಾಲಿ ಕಾಣುತ್ತದೆ. ‘ಅಲ್ಲಿ ಏನೂ ಇಲ್ವಾ?’ ಅಂತ ಕೇಳಿ. ಆವಿ ಇರುವುದು ಆ ಖಾಲಿ ಜಾಗದಲ್ಲೇ. ಅದರಾಚೆ ಬಿಳಿಯಾಗಿ ಕಾಣುವುದು ತಣ್ಣಗಾಗಿ ಮತ್ತೆ ಹನಿಯಾದ ನೀರು, ಅಂದರೆ ಒಂದು ಪುಟ್ಟ ಮೋಡ. ದೊಡ್ಡವರಲ್ಲೂ ಎಷ್ಟೋ ಜನ ಆ ಬಿಳಿಯನ್ನೇ ಆವಿ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ.

ಇದರಿಂದ ಇನ್ನೊಂದು ತಪ್ಪು ಹುಟ್ಟಿಕೊಳ್ಳಬಹುದು, ನೀರು ಆವಿಯಾಗಬೇಕಾದರೆ ಕುದಿಯಲೇಬೇಕು ಅಂತ. ಅದಕ್ಕೆ ಒದ್ದೆ ಬೆರಳಿಂದ ಕಪ್ಪು ಹಲಗೆ ಮೇಲೆ ಒಂದು ಗೆರೆ ಎಳೆದು ಬಿಡಿ. ಆಟ ಮುಗಿಯುವಷ್ಟರಲ್ಲಿ ಅದು ಒಣಗಿರುತ್ತದೆ. ಯಾರೂ ಕುದಿಸಲಿಲ್ಲ, ಅಲ್ವಾ?

ಮೊದಲ ಸುತ್ತು: ಎಲ್ಲರೂ ಒಟ್ಟಿಗೆ, ನಿಧಾನಕ್ಕೆ

24 ಮಕ್ಕಳೂ ಸಮುದ್ರದಲ್ಲಿ ನಿಲ್ಲಲಿ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಒಂದು ಕೈಯಲ್ಲಿ ಕರ್ಚೀಫ್ ಬಿಚ್ಚಿ ಹಿಡಿದಿರಲಿ, ಇನ್ನೊಂದು ಕೈಯಲ್ಲಿ ಒಂದು ಬಿಳಿ ಚೂರು. ನಿಂತಲ್ಲೇ ನಿಲ್ಲಬಾರದು, ಒಬ್ಬರ ಪಕ್ಕದಿಂದ ಒಬ್ಬರು ಜಾರಿಕೊಂಡು ನಿಧಾನಕ್ಕೆ ಓಡಾಡುತ್ತಿರಬೇಕು. ನೀರು ಹರಿಯುವುದೇ ಹೀಗೆ, ಹತ್ತಿರ ಇದ್ದೂ ಜಾಗ ಬದಲಿಸುತ್ತಾ.

ಈಗ ಸೂರ್ಯ ಬರಲಿ. ಅವನ ಕೈಯಲ್ಲಿ 12 ಹಳದಿ ಪಟ್ಟಿ ಇರುತ್ತದೆ, ಅದೇ ಬಿಸಿ. ಸಮುದ್ರದ ಒಳಗೆ ಅವನು ಕಾಲಿಡಬಾರದು. ಅಂಚಿನಲ್ಲಿ ನಡೆಯುತ್ತಾ, ಕೈಗೆ ಸಿಕ್ಕವರಿಗೆ ಮಾತ್ರ ಒಂದೊಂದು ಪಟ್ಟಿ ಕೊಡಬೇಕು. ಆವಿಯಾಗುವುದು ಮೇಲ್ಮೈಯ ನೀರು, ತಳದ್ದಲ್ಲ. ಈ ಒಂದು ನಿಯಮ ಇಲ್ಲದಿದ್ದರೆ ಇಡೀ ಸಮುದ್ರ ಒಂದೇ ಉಸಿರಿಗೆ ಖಾಲಿಯಾಗಿ, ಕೂಗಾಟ ಶುರುವಾಗುತ್ತದೆ. ನನಗೆ ಹಾಗೂ ಆಗಿದೆ.

ಪಟ್ಟಿ ಸಿಕ್ಕ ಮಗು ಮೂರು ಕೆಲಸ ಮಾಡಬೇಕು. ಬಿಳಿ ಚೂರನ್ನು ಸಮುದ್ರದ ತಟ್ಟೆಯಲ್ಲಿ ಹಾಕಬೇಕು, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ. ಕರ್ಚೀಫನ್ನು ಮುಷ್ಟಿಯೊಳಗೆ ಪೂರ್ತಿ ಮುಚ್ಚಬೇಕು. ಆಮೇಲೆ ತುದಿಗಾಲಲ್ಲಿ, ಸದ್ದಿಲ್ಲದೆ, ಯಾರಿಗೂ ತಾಗದ ಹಾಗೆ ಗಾಳಿಯ ಕಡೆ ಹೊರಡಬೇಕು. ಇಲ್ಲಿ ಮಕ್ಕಳು ಓಡುತ್ತಾರೆ, ಓಡಿಯೇ ಓಡುತ್ತಾರೆ. ‘ಓಡಬೇಡಿ’ ಅಂದರೆ ಕೇಳುವವರಿಲ್ಲ. ‘ನೀವು ಕಾಣಬಾರದು, ಕೇಳಿಸಲೂಬಾರದು’ ಅಂದು ನೋಡಿ. ಎಂಟು ವರ್ಷದವರಿಗೆ ಅದಕ್ಕಿಂತ ದೊಡ್ಡ ಮಜಾ ಇಲ್ಲ.

ಚಳಿಗೆರೆ ದಾಟಿದ ಕೂಡಲೇ ಮೈ ನಡುಗಿಸಿ, ಹತ್ತಿರದ ಧೂಳನ್ನು ಹುಡುಕಿ ಅವನ ಭುಜದ ಮೇಲೆ ಕೈ ಇಡಬೇಕು. ಹಳದಿ ಪಟ್ಟಿಯನ್ನು ಅವನಿಗೆ ಕೊಟ್ಟುಬಿಡಬೇಕು. ಆವಿ ಮತ್ತೆ ನೀರಾಗುವಾಗ ತಾನು ತಂದ ಬಿಸಿಯನ್ನು ಅಲ್ಲಿನ ಗಾಳಿಗೆ ಬಿಡುತ್ತದೆ. ಪಟ್ಟಿ ಕೈಬಿಟ್ಟ ಮೇಲೆ ಕರ್ಚೀಫ್ ಬಿಚ್ಚಿ ತೋರಿಸಬಹುದು. ಈಗ ಕಾಣುತ್ತದೆ, ಈಗ ಮೋಡ. ಆಮೇಲೆ ಪಟ್ಟಿಗಳನ್ನು ಒಟ್ಟು ಮಾಡಿ ಸೂರ್ಯನಿಗೇ ಕೊಡುತ್ತೇವೆ, ಆದರೆ ಅದು ಆಟ ಮುಂದುವರಿಯಲಿ ಅಂತ ಮಾತ್ರ. ನಿಜವಾದ ಸೂರ್ಯನಿಗೆ ಏನೂ ವಾಪಸ್ ಹೋಗುವುದಿಲ್ಲ ಅಂತ ಒಂದು ಮಾತು ಹೇಳಿಬಿಡಿ.

‘ಮೇಲೆ ಹೋದರೆ ಸೂರ್ಯ ಹತ್ತಿರ ಆಗ್ತಾನಲ್ಲ, ಚಳಿ ಯಾಕೆ?’ ಈ ಪ್ರಶ್ನೆ ಪ್ರತಿ ಸಲ ಬರುತ್ತದೆ, ಸಿದ್ಧವಾಗಿರಿ. ಸೂರ್ಯ ಇರುವ ದೂರಕ್ಕೆ ಮೋಡದ ಎತ್ತರ ಲೆಕ್ಕಕ್ಕೇ ಇಲ್ಲ. ಬಿಸಿಲು ಹೆಚ್ಚಾಗಿ ಕಾಯಿಸುವುದು ನೆಲ ಮತ್ತು ಸಮುದ್ರವನ್ನು. ಗಾಳಿ ಕಾಯುವುದು ಬಹುಪಾಲು ಅವುಗಳಿಂದ. ನೆಲವೇ ಒಲೆ ಅಂದುಕೊಂಡರೆ, ಮೇಲೆ ಹೋದಷ್ಟೂ ಒಲೆಯಿಂದ ದೂರ. ಒಂದು ಕಿಲೋಮೀಟರ್ ಏರಿದರೆ ಸರಾಸರಿ 6ರಿಂದ 7 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಮಕ್ಕಳಿಗೆ ಒಲೆಯ ಮಾತೇ ಸಾಕು.

ಒಂದು ಧೂಳಿನ ಸುತ್ತ ನಾಲ್ವರು ಸೇರಿದರೆ ಅವನು ‘ಭಾರ ಆಯ್ತು!’ ಅಂತ ಕೂಗಬೇಕು. ಐದೂ ಜನ ಬಗ್ಗಿ ಕೆಳಗಿಳಿಯುತ್ತಾರೆ. ಧೂಳೂ ಜೊತೆಗೇ ಬರುತ್ತದೆ, ಆಮೇಲೆ ತನ್ನ ಜಾಗಕ್ಕೆ ಹಿಂತಿರುಗುತ್ತದೆ. ಈ ನಾಲ್ಕು ಅನ್ನುವುದು ಆಟದ ಅನುಕೂಲಕ್ಕೆ ಅಷ್ಟೇ. ಮೋಡದ ಒಂದು ಹನಿ ಸಾಮಾನ್ಯವಾಗಿ 0.02 ಮಿಲಿಮೀಟರ್ ಅಗಲ ಇರುತ್ತದೆ. 2 ಮಿಲಿಮೀಟರ್‌ನ ಒಂದು ಮಳೆಹನಿ ಆಗಬೇಕಾದರೆ ಅಂಥ ಹತ್ತು ಲಕ್ಷ ಹನಿ ಕೂಡಬೇಕು. ಅದಕ್ಕೇ ಮೋಡ ಕಂಡಾಗಲೆಲ್ಲ ಮಳೆ ಬರುವುದಿಲ್ಲ. ನಾನು ಮಕ್ಕಳಿಗೆ ಇಷ್ಟೇ ಹೇಳುತ್ತೇನೆ: ‘ನಿಜವಾಗಿ ಹತ್ತು ಲಕ್ಷ ಜನ ಬೇಕಿತ್ತು, ನಾವು ನಾಲ್ಕೇ ಜನ ಇದ್ದೀವಿ, ಏನ್ಮಾಡೋದು.’

ಮೊದಲ ಸುತ್ತಿನಲ್ಲಿ ಎಲ್ಲ ಮೋಡವನ್ನೂ ಗುಡ್ಡದ ಮೇಲೆ ಸುರಿಸಿ, ಎಲ್ಲರನ್ನೂ ನದಿಯಲ್ಲಿ ನಡೆಸಿ ಸಮುದ್ರಕ್ಕೆ ತನ್ನಿ. ಗಾಳಿಗೆ ಹೋಗದೆ ಉಳಿದ 12 ಮಕ್ಕಳು ಅಷ್ಟು ಹೊತ್ತು ಅಲೆಯ ಸದ್ದು ಮಾಡುತ್ತಿರಲಿ, ಆಮೇಲೆ ಅವರ ಸರದಿ. ಇಲ್ಲಿಗೆ ಸುಮಾರು ಹತ್ತು ನಿಮಿಷ. ಹೆಚ್ಚಿನ ಕಡೆ ಆಟ ಇಲ್ಲಿಗೇ ಮುಗಿಯುತ್ತದೆ. ನನ್ನ ಪ್ರಕಾರ ಇದು ಬರೀ ಪೀಠಿಕೆ.

ಎರಡನೇ ಸುತ್ತು: ದಾಳ ಹೇಳಿದ ಹಾಗೆ

ಇಲ್ಲಿಗೇ ನಿಲ್ಲಿಸಿದರೆ ಮಕ್ಕಳ ತಲೆಯಲ್ಲಿ ಒಂದೇ ದಾರಿ ಕೂರುತ್ತದೆ: ಸಮುದ್ರ, ಮೋಡ, ಗುಡ್ಡ, ನದಿ, ಮತ್ತೆ ಸಮುದ್ರ. ನೀರು ಹಾಗೆ ಸಾಲಾಗಿ ಸುತ್ತುವುದಿಲ್ಲ. ಮಳೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಬೀಳುವುದು ಸಮುದ್ರದ ಮೇಲೇ. ನೆಲಕ್ಕೆ ಬಿದ್ದದ್ದರಲ್ಲೂ ಹತ್ತರಲ್ಲಿ ಸುಮಾರು ಆರು ಪಾಲು ನದಿಯಲ್ಲಿ ಸಮುದ್ರಕ್ಕೆ ಹೋಗುವುದಿಲ್ಲ. ಮಣ್ಣಿನಿಂದ, ಗಿಡಮರಗಳ ಎಲೆಯಿಂದ ಮತ್ತೆ ಗಾಳಿಗೇ ಹೋಗುತ್ತದೆ.

ಹಾಗಾಗಿ ಈಗ ‘ಭಾರ ಆಯ್ತು’ ಅಂದ ಮೇಲೆ ಧೂಳು ದಾಳ ಎಸೆಯಬೇಕು. 1ರಿಂದ 4 ಬಿದ್ದರೆ ಇಡೀ ಗುಂಪು ಸಮುದ್ರಕ್ಕೆ. ಅಲ್ಲಿ ತಟ್ಟೆಯಿಂದ ಒಂದೊಂದು ಉಪ್ಪು ಎತ್ತಿಕೊಂಡು ಸೇರಿಕೊಳ್ಳುತ್ತಾರೆ. 5 ಅಥವಾ 6 ಬಿದ್ದರೆ ನೆಲಕ್ಕೆ. ಒಬ್ಬೊಬ್ಬರಿಗೂ ದಾಳ ಕೊಡಬೇಡಿ, ಸಾಲು ನಿಂತು ಆಟವೇ ಸತ್ತುಹೋಗುತ್ತದೆ. ಮೋಡಕ್ಕೊಂದು ಎಸೆತ ಸಾಕು.

ನೆಲಕ್ಕೆ ಬಿದ್ದ ನಾಲ್ವರೂ ಮಣ್ಣು ಕಾಯುವವನ ಡಬ್ಬಿಯಿಂದ ಒಂದೊಂದು ಚೀಟಿ ಎತ್ತಬೇಕು, ನೋಡಿ ಮತ್ತೆ ಡಬ್ಬಿಗೇ ಹಾಕಬೇಕು. ಹತ್ತು ಚೀಟಿಯಲ್ಲಿ ಆರರ ಮೇಲೆ ಎಲೆಯ ಚಿತ್ರ, ಮೂರರ ಮೇಲೆ ಅಲೆಯ ಗೆರೆ, ಒಂದರ ಮೇಲೆ ಚುಕ್ಕಿಗಳು. ಎಲೆ ಬಂದವರು ಮಣ್ಣು ಕಾಯುವವನ ಹತ್ತಿರ ಇರುವ 6 ಹಳದಿ ಪಟ್ಟಿಯಲ್ಲಿ ಒಂದನ್ನು ತೆಗೆದುಕೊಂಡು, ಕರ್ಚೀಫ್ ಮುಚ್ಚಿ, ಅಲ್ಲಿಂದಲೇ ಗಾಳಿಗೆ. ಅಲೆ ಬಂದವರು ನದಿಗೆ. ಚುಕ್ಕಿ ಬಂದವರು ಅಂತರ್ಜಲದ ದಾರಿಗೆ. ಆ ದಾರಿಯಲ್ಲಿ ನಾನು ಚಪ್ಪಾಳೆ ತಟ್ಟಿದಾಗ ಮಾತ್ರ ಒಂದು ಪಾದದಷ್ಟು ಮುಂದೆ ಹೋಗಬಹುದು. ನಾನು ಬೇಕೆಂದೇ ಚಪ್ಪಾಳೆ ತಡ ಮಾಡುತ್ತೇನೆ. ನದಿಯವರು ಎರಡು ಸಲ ಹೋಗಿ ಬಂದರೂ ಅಂತರ್ಜಲದ ಮಗು ಅರ್ಧ ದಾರಿಯಲ್ಲೇ ಇರುತ್ತದೆ. ಅದರ ಮುಖ ನೋಡಿದರೆ ನಗು ಬರುತ್ತದೆ, ಆದರೆ ನೆಲದಡಿ ನೂರಾರು ವರ್ಷ ಉಳಿಯುವ ನೀರೂ ಇದೆ.

ನದಿಗಾಗಲಿ ಅಂತರ್ಜಲಕ್ಕಾಗಲಿ ಇಳಿಯುವವರಿಗೆ ನದಿ ಕಾಯುವವನು ತನ್ನ ತಟ್ಟೆಯಿಂದ ಒಂದು ಬಿಳಿ ಚೂರು ಕೊಡಬೇಕು. ಕಲ್ಲು ಮಣ್ಣಿನಿಂದ ಕರಗಿಸಿಕೊಂಡ ಚೂರುಪಾರು ಉಪ್ಪನ್ನು ನೀರು ಹೊತ್ತೊಯ್ಯುತ್ತದೆ. ಇದರ ಫಲ ಆಟದ ಕೊನೆಗೆ ಕಾಣುತ್ತದೆ, ಈಗಲೇ ವಿವರಿಸಬೇಡಿ.

ನಮ್ಮಲ್ಲಿ ಒಂದು ಸಲ ಬಿದ್ದ ಲೆಕ್ಕ ಹೀಗಿತ್ತು. ಮೂರು ಮೋಡಕ್ಕೆ ದಾಳದಲ್ಲಿ 3, 5, 2 ಬಂತು. ಎಂಟು ಜನ ನೇರ ಸಮುದ್ರಕ್ಕೆ. ಉಳಿದ ನಾಲ್ವರಲ್ಲಿ ಮೂವರಿಗೆ ಎಲೆ, ಒಬ್ಬನಿಗೆ ಅಲೆ. ಅಂದರೆ ಮೇಲೆ ಹೋದ ಹನ್ನೆರಡು ಮಂದಿಯಲ್ಲಿ ನದಿ ಕಂಡವನು ಒಬ್ಬನೇ! ಅವನು ರಾಜನ ಹಾಗೆ ನಡೆದುಕೊಂಡು ಬಂದ. ಸಮುದ್ರಕ್ಕೆ ಬಿದ್ದವರ ಗೊಣಗಾಟ ಮಾತ್ರ ಕೇಳಬೇಕಿತ್ತು. ‘ಮಿಸ್, ಮತ್ತೆ ಸಮುದ್ರಾನಾ? ಮೂರನೇ ಸಲ!’ ದಾಳ ಬದಲಿಸಲು, ಎಲ್ಲರಿಗೂ ನದಿ ಸಿಗುವ ಹಾಗೆ ಮಾಡಲು ಮನಸ್ಸಾಗುತ್ತದೆ. ಬೇಡ. ಆ ಗೊಣಗಾಟವೇ ಪಾಠ. ಭೂಮಿಯ ನೀರಿನಲ್ಲಿ 100ಕ್ಕೆ ಸುಮಾರು 97 ಪಾಲು ಸಮುದ್ರದಲ್ಲಿದೆ. ಒಂಚೂರು ನೀರು ಗಾಳಿಯಲ್ಲಿ ಸರಾಸರಿ ಒಂಬತ್ತು ದಿನ ಇದ್ದರೆ, ಸಮುದ್ರದಲ್ಲಿ ಸುಮಾರು 3000 ವರ್ಷ ಇರುತ್ತದೆ. ನದಿ ಸಿಗುವುದು ಅಪರೂಪವೇ.

ಹಿಮ ಎಲ್ಲಿ ಅಂತ ಕೇಳಬಹುದು. ನಾನು ಬೇಕೆಂದೇ ಬಿಟ್ಟಿದ್ದೇನೆ. ಮೊದಲ ದಿನಕ್ಕೆ ಇಷ್ಟು ದಾರಿಯೇ ಜಾಸ್ತಿ.

ನಡುವೆ ನಿಲ್ಲಿಸಿ ಕೇಳಿ

ಎರಡನೇ ಸುತ್ತನ್ನು ಹದಿನೈದು ನಿಮಿಷ ಆಡಿಸಿ. ನಡುವೆ ಮೂರು ಸಲ ‘ಸ್ಟ್ಯಾಚು!’ ಅನ್ನಿ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಆಗ ಒಂದು ಮಗುವಿನ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ. ‘ನೀನು ಈಗ ಕಾಣ್ತೀಯಾ?’ ‘ನಿನ್ನ ಉಪ್ಪು ಎಲ್ಲಿ?’ ‘ನಿನ್ನ ಹಳದಿ ಪಟ್ಟಿ ಯಾರ ಹತ್ತಿರ ಇದೆ?’ ಮಗು ಆಟದ ನಿಯಮ ಮಾತ್ರ ಪಾಲಿಸುತ್ತಿದೆಯೋ, ವಿಷಯ ಹಿಡಿದಿದೆಯೋ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಒಬ್ಬಳು ಮುಷ್ಟಿ ಬಿಗಿ ಹಿಡಿದು, ತುದಿಗಾಲಲ್ಲಿ ಓಲಾಡುತ್ತಾ, ಪಿಸುಗುಟ್ಟಿದ್ದಳು: ‘ನಾನು ಕಾಣಲ್ಲ ಮಿಸ್. ಆದ್ರೆ ಇದ್ದೀನಿ.’ ಅವಳಿಗೆ ಇನ್ನೇನೂ ಕೇಳಲಿಲ್ಲ.

ತಪ್ಪು ಉತ್ತರ ಬಂದರೂ ಉಪಯೋಗವೇ. ‘ಉಪ್ಪು ನನ್ನ ಜೊತೆ ಮೇಲೆ ಬಂತು’ ಅಂದರೆ ಕೈ ಬಿಚ್ಚಿ ತೋರಿಸಲು ಹೇಳಿ. ಕೈಯಲ್ಲಿ ಇರುವುದಿಲ್ಲ. ಇದ್ದರೆ, ತಟ್ಟೆಗೆ ಹಾಕಲು ಮರೆತಿದೆ ಅಂತ ಅರ್ಥ. ವಾಪಸ್ ಹೋಗಿ ಹಾಕಿ ಬರಲಿ. ‘ಹಾಗಾದ್ರೆ ಮಳೆ ನೀರು ಉಪ್ಪಾಗಿರುತ್ತಾ?’ ಅಂತ ಒಂದು ಮಾತು ಕೇಳಿ ಬಿಟ್ಟುಬಿಡಿ.

ಐದು ನಿಮಿಷಕ್ಕೊಮ್ಮೆ ಸೂರ್ಯ, ಧೂಳು, ಕಾಯುವವರನ್ನು ಬದಲಿಸಿ. ಸೂರ್ಯನಾದವನಿಗೆ ಬೇಗ ಅಧಿಕಾರ ತಲೆಗೇರುತ್ತದೆ, ಗೆಳೆಯರಿಗೆ ಮಾತ್ರ ಪಟ್ಟಿ ಕೊಡಲು ಶುರು ಮಾಡುತ್ತಾನೆ. ಹಾಗೆ ಕಂಡರೆ ಸಮುದ್ರದ ಮಕ್ಕಳಿಗೆ ಒಳಗಿನವರು ಹೊರಗೆ, ಹೊರಗಿನವರು ಒಳಗೆ ಜಾರಲು ಹೇಳಿ. ನದಿ ಸಮುದ್ರ ಸೇರುವ ಜಾಗದಲ್ಲಿ ಡಿಕ್ಕಿ ಜಾಸ್ತಿ. ಅಲ್ಲಿ ಸಮುದ್ರದ ಅಂಚನ್ನು ಎರಡು ಹೆಜ್ಜೆಯಷ್ಟು ಖಾಲಿ ಬಿಡಿ. ಕರ್ಚೀಫನ್ನು ಕುತ್ತಿಗೆಗೆ ಕಟ್ಟಿಕೊಳ್ಳಲು ಮಾತ್ರ ಬಿಡಬೇಡಿ.

ಆಟ ನಿಂತ ಮೇಲೆ

ಎಲ್ಲರೂ ಕೂತ ಮೇಲೆ ಒಬ್ಬೊಬ್ಬರಿಗೂ ಒಂದು ಉದ್ದನೆಯ ಕಾಗದದ ತುಂಡು ಕೊಡಿ. ತಾವು ಹೋದ ಜಾಗಗಳನ್ನು ಬಣ್ಣದ ಚೌಕಗಳಾಗಿ ಸಾಲಾಗಿ ತುಂಬಲಿ. ಸಮುದ್ರಕ್ಕೆ ನೀಲಿ, ಆವಿಗೆ ಬಣ್ಣ ಹಾಕದ ಖಾಲಿ ಚೌಕ, ಮೋಡಕ್ಕೆ ಬೂದು, ನೆಲಕ್ಕೆ ಹಸಿರು, ಅಂತರ್ಜಲಕ್ಕೆ ಕಪ್ಪು, ನದಿಗೆ ನೇರಳೆ. ಒಬ್ಬನದು ನೀಲಿ, ಖಾಲಿ, ಬೂದು, ನೀಲಿ, ಮತ್ತೆ ಅದೇ, ಮತ್ತೆ ಅದೇ. ಪಕ್ಕದವಳದು ನೀಲಿ, ಖಾಲಿ, ಬೂದು, ಹಸಿರು, ಖಾಲಿ, ಬೂದು, ಹಸಿರು, ನೇರಳೆ. ಪಟ್ಟಿಗಳನ್ನು ಒಂದರ ಕೆಳಗೊಂದು ಗೋಡೆಗೆ ಅಂಟಿಸಿ. ಕೆಲವರು ನಡುವೆ ಪಾತ್ರ ಬದಲಿಸಿರುತ್ತಾರೆ, ಅವರ ಪಟ್ಟಿ ಗಿಡ್ಡ ಇರುತ್ತದೆ, ಇರಲಿ. ಪುಸ್ತಕದಲ್ಲಿರುವ ಬಾಣದ ಗುಂಡು ಚಿತ್ರವನ್ನು ಇದರ ಪಕ್ಕ ಇಟ್ಟು ‘ಈ ದಾರಿ ಯಾರದ್ದು?’ ಅಂತ ಕೇಳಿ. ಬೆರಳಿಟ್ಟು ಹುಡುಕುತ್ತಾರೆ.

ಕೊನೆಗೆ ಉಪ್ಪು. ಎಲ್ಲರೂ ಕೈಯಲ್ಲಿರುವ ಬಿಳಿ ಚೂರನ್ನು ಸಮುದ್ರದ ತಟ್ಟೆಗೆ ಹಾಕಲಿ. ಎರಡನೇ ಸುತ್ತು ಶುರು ಮಾಡುವಾಗ ಅಲ್ಲಿದ್ದದ್ದು ಸರಿಯಾಗಿ 24, ನಾನೇ ಎಣಿಸಿ ಹಲಗೆ ಮೇಲೆ ಬರೆದಿರುತ್ತೇನೆ. ಕಳೆದ ಸಲ ಎಣಿಸಲು ಕೂತವನು ಎರಡು ಸಲ ಎಣಿಸಿದ. ‘ಮಿಸ್, 29 ಇದೆ. ಯಾರೋ ಜಾಸ್ತಿ ಹಾಕಿದ್ದಾರೆ.’

ಹಿಂದಿನ ಸಾಲಿನಿಂದ ನದಿಯಲ್ಲಿ ನಡೆದು ಬಂದಿದ್ದ ಹುಡುಗಿ ಕೈ ಎತ್ತಿದಳು. ‘ಅದರಲ್ಲಿ ಒಂದು ನಾನು ತಂದಿದ್ದು.’